ಈಗ ಇದು ನಂದು

ಶಿರಸಿಯಲ್ಲಿ ಬೆಳಗಿನಿಂದ ಬಿಡದ ಮಳೆ. 11ಕ್ಕೆ ಆನ್-ಕಾಲ್ ಪಾಳಿ, ಅಂದರೆ ಒಂದು ವಾರ ಹಗಲು ರಾತ್ರಿ ಯಾವಾಗ ಕರೆ ಬಂದರೂ ಎತ್ತಿ ನೋಡುವ ಸರದಿ, ನನ್ನ ಕೈಗೆ ಬಂತು.

ಮೊದಲು ಭಾನುವಾರ ರಾತ್ರಿ 12ಕ್ಕೆ ತಾನಾಗಿ ಬದಲಾಗುತ್ತಿತ್ತು. ಒಮ್ಮೆ 11.50ಕ್ಕೆ ಬಂದ ದೂರು ಇಬ್ಬರ ನಡುವೆ ಬಿದ್ದುಹೋಯಿತು. ಗ್ರಾಹಕರು ಬೆಳಗಿನವರೆಗೆ ಕಾದರು, ಪಾಪ.

ಈಗ ಬುಧವಾರ ಹಗಲು, ಇಬ್ಬರೂ ಎಚ್ಚರ ಇರುವಾಗ, ಮಾತಾಡಿಯೇ ಬದಲು. ಏನು ಬಾಕಿ, ಏನು ಮಾಡಿ ನೋಡಿದ್ದಾಯಿತು, ಮತ್ತೆ ಯಾವಾಗ ನೋಡಬೇಕು ಅಂತ ಬರೆದು ಕೊಡಬೇಕು. ಹೊಸಬರು "ಈಗ ಇದು ನಂದು" ಅಂತ ಬರೆಯುವ ತನಕ ಹಳಬರ ಫೋನೇ ರಿಂಗಾಗುತ್ತದೆ.

ಇವತ್ತು ಗೆಳತಿ ಕೊಟ್ಟ ಟಿಪ್ಪಣಿಯ ಕೊನೆಯ ಸಾಲು: "ರಾತ್ರಿ ಕರೆ 6. ಅದರಲ್ಲಿ 4 ಡಿಸ್ಕ್ ಎಚ್ಚರಿಕೆ, ಬೆಳಗ್ಗೆ ನೋಡಿದರೂ ಸಾಕಿತ್ತು."

ಆರು ಸಲ ಎದ್ದಿದ್ದಾಳೆ! ನನ್ನ ಹಿಂದಿನ ಪಾಳಿಯಲ್ಲಿ ಒಂದೇ ಸಲ. ಪಟ್ಟಿಯಲ್ಲಿ ಮಾತ್ರ ಇಬ್ಬರದೂ ಒಂದೊಂದು ವಾರ. ಇನ್ನು ಮುಂದೆ ರಾತ್ರಿ ಎದ್ದದ್ದನ್ನೂ ಎಣಿಸೋಣ ಅಂದೆ, ಎಲ್ಲರೂ ಒಪ್ಪಿದರು. ಆ ಡಿಸ್ಕ್ ಎಚ್ಚರಿಕೆಯನ್ನು ಹಗಲಿಗೆ ಹಾಕಿದೆವು. ನಾಳೆ ಮಧ್ಯಾಹ್ನದ ತನಕ ಅವಳಿಗೆ ರಜೆ.

ಈ ಮಳೆಗೆ ಕರೆಂಟ್, ನೆಟ್‌ವರ್ಕ್ ಹೋಗಿ ನಾನು ಐದು ನಿಮಿಷ ಎತ್ತದಿದ್ದರೆ ಕರೆ ಕಾರವಾರದ ಗೆಳೆಯನಿಗೆ ಹೋಗುತ್ತದೆ. ಅವನಿಗೆ ಈಗಲೇ ಹೇಳಿಟ್ಟಿದ್ದೇನೆ.