ಮೂರು ಅಂಗಡಿಯ ವೇಸ್ಟೇಜ್: 6.67% ಸರಿಯೋ, 3.68% ಸರಿಯೋ?

ನಾನು ಒಂದು ಬೇಕರಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ತಯಾರಿ ಒಂದೇ ಕಡೆ, ಮಾರಾಟ ಮೂರು ಊರಲ್ಲಿ. ಮಾರಾಟವಾಗದೆ ವಾಪಸ್ ಬಂದ ಬ್ರೆಡ್, ಬನ್, ಪಫ್‌ಗಳ ಬೆಲೆಯನ್ನು ವೇಸ್ಟೇಜ್ ಎಂದು ಬರೆದುಕೊಳ್ಳುತ್ತೇವೆ. ಒಂದು ತಿಂಗಳ ಲೆಕ್ಕ, ಅಂಕಿಗಳನ್ನು ದುಂಡಾಗಿಸಿ, ಹೀಗಿತ್ತು: ದಾವಣಗೆರೆಗೆ 20 ಲಕ್ಷದ ಮಾಲು ಹೋಗಿ 60,000 ರೂಪಾಯಿಯದ್ದು ವಾಪಸ್, ಅಂದರೆ 3%. ಹರಿಹರಕ್ಕೆ 4 ಲಕ್ಷದ್ದು, ವಾಪಸ್ 20,000, 5%. ಚನ್ನಗಿರಿಯ ಪುಟ್ಟ ಅಂಗಡಿಗೆ 1 ಲಕ್ಷದ್ದು, ವಾಪಸ್ 12,000, 12%.

ಮ್ಯಾನೇಜರ್ ಈ ಮೂರು ಶೇಕಡಾವಾರು ಕೂಡಿ ಮೂರರಿಂದ ಭಾಗಿಸಿ 6.67% ಎಂದು ವರದಿ ಕೊಟ್ಟಿದ್ದರು. ಯಜಮಾನರಿಗೆ ಗಾಬರಿ. "ಇಷ್ಟೊಂದು ಮಾಲು ಹಾಳಾಗ್ತಿದ್ಯಾ? ತಯಾರಿ ಕಮ್ಮಿ ಮಾಡೋಣ್ವಾ?" ಎಂದು ಕೇಳಿದರು.

ಇಂಥ ಸರಾಸರಿಯನ್ನು ರೂಪಾಯಿಗೆ ತಿರುಗಿಸಿ ನೋಡುವುದು ನನ್ನ ಮೊದಲ ಪರೀಕ್ಷೆ. ಒಟ್ಟು 25 ಲಕ್ಷದಲ್ಲಿ 6.67% ಎಂದರೆ ಸುಮಾರು 1,66,700. ವಾಪಸ್ ಬಂದದ್ದು ಬರೀ 92,000. ಮುಕ್ಕಾಲು ಲಕ್ಷದಷ್ಟು ವೇಸ್ಟೇಜ್ ಕಾಗದದ ಮೇಲೆ ಮಾತ್ರ ಇತ್ತು! ಒಟ್ಟು ವೇಸ್ಟೇಜನ್ನು ಒಟ್ಟು ಮಾಲಿನಿಂದ ಭಾಗಿಸಿದರೆ 3.68%, ಅದು ರೂಪಾಯಿಗೂ ತಾಳೆಯಾಗುತ್ತದೆ. ಶೀಟಿನಲ್ಲಿ B ಕಾಲಂ ಕಳಿಸಿದ ಮಾಲು, C ವಾಪಸ್ ಬಂದದ್ದು, D ಶೇಕಡಾ ಎಂದಿಟ್ಟುಕೊಂಡರೆ:

```
=AVERAGE(D2:D4)
=SUM(C2:C4)/SUM(B2:B4)
```

ಮೊದಲನೆಯದು 1 ಲಕ್ಷದ ಅಂಗಡಿಗೂ 20 ಲಕ್ಷದ ಅಂಗಡಿಗೂ ಒಂದೇ ತೂಕ ಕೊಡುತ್ತದೆ. ಎರಡನೆಯದರಲ್ಲಿ ಕಳಿಸಿದ ಮಾಲು ಎಷ್ಟೋ ಅಷ್ಟೇ ತೂಕ. ಅಂಗಡಿ ಚಿಕ್ಕದಾದಷ್ಟೂ ಶೇಕಡಾ ಏರುತ್ತಿರುವುದರಿಂದ ನಮ್ಮಲ್ಲಿ ಅಂತರ ಇಷ್ಟು ದೊಡ್ಡದು. ಮೂರೂ ಅಂಗಡಿಗಳ ಶೇಕಡಾ ಒಂದೇ ಆಗಿದ್ದರೆ ಎರಡು ಸೂತ್ರಕ್ಕೂ ಒಂದೇ ಉತ್ತರ ಬರುತ್ತಿತ್ತು, ತಪ್ಪು ಕಣ್ಣಿಗೇ ಬೀಳುತ್ತಿರಲಿಲ್ಲ. ಪಿವೋಟ್ ಟೇಬಲ್‌ನಲ್ಲಿ ಶೇಕಡಾ ಕಾಲಂ ಎಳೆದು ಆವರೇಜ್ ಒತ್ತಿದರೂ ಮೊದಲನೆಯ ಲೆಕ್ಕವೇ ಬರುತ್ತದೆ, ಜೋಪಾನ.

ಹಾಗಂತ 3.68 ಒಂದನ್ನೇ ಹಿಡಿದುಕೊಂಡರೂ ಆಗದು. ಚನ್ನಗಿರಿಯ ವೇಸ್ಟೇಜ್ 12ರಿಂದ 20%ಗೆ ಏರಿತೆನ್ನಿ, ಒಟ್ಟು ಅಂಕಿ 4.00% ಆಗುತ್ತದೆ, ಅಷ್ಟೇ. ಅಲ್ಲಿ ಐದರಲ್ಲೊಂದು ಪಾಲು ಮಾಲು ಹಾಳಾಗುತ್ತಿದೆ ಎಂಬುದು ದಾವಣಗೆರೆಯ ನೆರಳಲ್ಲಿ ಕಾಣುವುದೇ ಇಲ್ಲ. ಒಟ್ಟು ಎಷ್ಟು ತಯಾರಿಸಬೇಕು, ಎಷ್ಟು ನಷ್ಟ ಎಂಬ ಪ್ರಶ್ನೆಗೆ ಒಟ್ಟು ಅನುಪಾತವೇ ಬೇಕು. ಯಾವ ಅಂಗಡಿ ಹೇಗೆ ನಡೆಯುತ್ತಿದೆ ಎಂಬುದಕ್ಕೆ ಅಂಗಡಿವಾರು ಶೇಕಡಾವನ್ನೇ ಬಿಡಿಬಿಡಿಯಾಗಿ ನೋಡಬೇಕು.

ಯಜಮಾನರಿಗೆ ಎರಡನ್ನೂ ಒಂದೇ ಹಾಳೆಯಲ್ಲಿ ಕೊಟ್ಟೆ. ತಯಾರಿ ಹಾಗೇ ಉಳಿಯಿತು, ಚನ್ನಗಿರಿಗೆ ಹೋಗುವ ಸಂಜೆಯ ಲೋಡ್ ಮಾತ್ರ ಕಮ್ಮಿಯಾಯಿತು.