ಹಿಂದಕ್ಕೆ ಓಡಿದ ಮೀಟರ್ ಮತ್ತು 5 ಮಿಲಿಸೆಕೆಂಡ್

ಶಿರಸಿಯಿಂದ ಭಾವ ಫೋನ್ ಮಾಡಿದ್ದು ಜುಲೈ ತಿಂಗಳ ಒಂದು ಬೆಳಿಗ್ಗೆ. ಹೊರಗೆ ಮಳೆ ಹೊಯ್ಯುವ ಸದ್ದು ಫೋನಿನಲ್ಲೇ ಕೇಳುತ್ತಿತ್ತು. "ಎಂತಾ ಮಾರಾಯ, ನಿನ್ನ ಮೀಟ್ರು ಹಿಂದೆ ಹೋಯ್ದಲಾ!"

ನಾನು ಚಿಕ್ಕದೊಂದು ಕಂಪನಿಯಲ್ಲಿ ಸಬ್ ಮೀಟರ್‌ಗಳಿಗೆ ಫರ್ಮ್‌ವೇರ್ ಬರೆಯುತ್ತೇನೆ. ಬಾಡಿಗೆ ಮನೆ, ಅಂಗಡಿಗಳಲ್ಲಿ ಮುಖ್ಯ ಮೀಟರ್ ಆದಮೇಲೆ ಹಾಕುತ್ತಾರಲ್ಲ, ಆ ತರಹದ್ದು. ಭಾವನ ಮನೆಯ ಪಕ್ಕದ ಕಟ್ಟಡವನ್ನು ಒಬ್ಬ ಬೇಕರಿಯವನಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಅಲ್ಲಿಗೆ ನಾನೇ ನಮ್ಮ ಮೀಟರ್ ಕೂರಿಸಿ ಬಂದಿದ್ದೆ. ಭಾವ ಪ್ರತಿಯೊಂದನ್ನೂ ಡೈರಿಯಲ್ಲಿ ಬರೆಯುವ ಮನುಷ್ಯ. ಅಂದು ಬೆಳಿಗ್ಗೆ 6:50ಕ್ಕೆ ರೀಡಿಂಗ್ 1184.3 ಎಂದು ಬರೆದುಕೊಳ್ಳುವಾಗಲೇ ಕರೆಂಟ್ ಹೋಯಿತು. ಒಂಬತ್ತಕ್ಕೆ ಬಂದಾಗ ಮೀಟರ್ ತೋರಿಸಿದ್ದು 1183.2. ಬೇಕರಿಯವನಿಗಂತೂ ಖುಷಿ.

1.1 ಯೂನಿಟ್ ಎಲ್ಲಿ ಹೋಯಿತು ಅಂತ ತಿಳಿಯಬೇಕಾದರೆ ಮೀಟರ್ ಲೆಕ್ಕ ಇಡುವ ರೀತಿ ಸ್ವಲ್ಪ ಗೊತ್ತಿರಬೇಕು. ನಮ್ಮ ಮೀಟರ್ ಒಂದು ಯೂನಿಟ್‌ಗೆ 3200 ಪಲ್ಸ್ ಕೊಡುತ್ತದೆ. ಎಣಿಕೆ ನಡೆಯುವುದು ರಾಮ್‌ನಲ್ಲಿ. ಕರೆಂಟ್ ಹೋದರೆ ಅದು ಖಾಲಿ. ಹಾಗಾಗಿ ಎಣಿಕೆಯನ್ನು ಕರೆಂಟ್ ಹೋದರೂ ಮರೆಯದ ಇಇಪ್ರಾಮ್ ಚಿಪ್‌ಗೆ ಬರೆದಿಡಬೇಕು. ಪ್ರತಿ ಪಲ್ಸಿಗೂ ಬರೆದುಬಿಡಬಹುದಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಆ ಚಿಪ್‌ನ ಒಂದು ಜಾಗಕ್ಕೆ ಹತ್ತು ಲಕ್ಷ ಸಲ ಬರೆಯಬಹುದು ಅಷ್ಟೇ. ಒಂದು ಕಿಲೋವ್ಯಾಟ್ ಲೋಡ್ ಇದ್ದರೆ ಗಂಟೆಗೆ 3200 ಸಲ ಬರೆದು ಹದಿಮೂರೇ ದಿನದಲ್ಲಿ ಆ ಜಾಗ ಮುಗಿಯುತ್ತದೆ. ಅದಕ್ಕೇ ನಾವು ಗಂಟೆಗೊಮ್ಮೆ ಬರೆಯುತ್ತೇವೆ, ಮತ್ತೆ ಕರೆಂಟ್ ಹೋಗುವ ಕ್ಷಣದಲ್ಲಿ ಒಮ್ಮೆ.

ಆ ಕ್ಷಣದಲ್ಲೇ ಎಲ್ಲ ಕಥೆ ಇರುವುದು. ಕರೆಂಟ್ ಹೋದರೂ ಮೀಟರ್ ಒಳಗಿನ ಕೆಪಾಸಿಟರ್ ಇನ್ನೂ ಸ್ವಲ್ಪ ಹೊತ್ತು ಉಸಿರು ಹಿಡಿದಿರುತ್ತದೆ. 5 ವೋಲ್ಟ್ ಲೈನ್ 4.5ಕ್ಕೆ ಇಳಿದ ಕೂಡಲೇ ಒಂದು ಕಂಪೇರೇಟರ್ ಪ್ರೊಸೆಸರ್‌ಗೆ ಇಂಟರಪ್ಟ್, ಅಂದರೆ ಎಲ್ಲ ಬಿಟ್ಟು ಇದನ್ನು ನೋಡು ಎನ್ನುವ ಕರೆ, ಕೊಡುತ್ತದೆ. ಲೈನ್ 3.5ಕ್ಕೆ ಇಳಿಯುವ ತನಕ 3.3 ವೋಲ್ಟ್ ರೆಗ್ಯುಲೇಟರ್ ಕೆಲಸ ಮಾಡುತ್ತಲೇ ಇರುತ್ತದೆ. ಅಂದರೆ ಒಂದು ವೋಲ್ಟ್ ಇಳಿಯುವಷ್ಟು ಹೊತ್ತು ನಮ್ಮದು. ಇದೇ ಹೋಲ್ಡ್-ಅಪ್ ಟೈಮ್.

6:00ಕ್ಕೆ ಗಂಟೆಯ ಬರವಣಿಗೆ ಆಗಿದೆ. ಆಮೇಲೆ 50 ನಿಮಿಷ ಬೇಕರಿಯ ಫ್ರೀಜರ್, ಹಿಟ್ಟು ನಾದುವ ಮಷಿನ್ ಎಲ್ಲ ಸೇರಿ 1.3 ಕಿಲೋವ್ಯಾಟ್ ಎಳೆದರೆ ಹೆಚ್ಚುಕಮ್ಮಿ 1.1 ಯೂನಿಟ್. ಅಲ್ಲಿಗೆ ಕೊನೆಯ ಗಳಿಗೆಯ ಬರವಣಿಗೆ ನಡೆದೇ ಇಲ್ಲ ಅಂತಾಯಿತು.

ನಾನು ನಂಬಲಿಲ್ಲ. ಯಾಕೆಂದರೆ ಬೆಂಚ್ ಮೇಲೆ ಪ್ಲಗ್ ಕಿತ್ತು ಕಿತ್ತು ಐವತ್ತು ಸಲ ನೋಡಿದ್ದೆ. ಒಂದು ಸಲವೂ ತಪ್ಪಿರಲಿಲ್ಲ. ಲೆಕ್ಕವೂ ಕಾಗದದ ಮೇಲೆ ಆರಾಮಾಗಿತ್ತು. C ಅಂದರೆ ಕೆಪಾಸಿಟರ್, dV ಇಳಿಯುವ ವೋಲ್ಟ್, I ಮೀಟರ್ ತಾನೇ ಎಳೆಯುವ ಕರೆಂಟ್:

```
t = C x dV / I
  = 470 uF x 1 V / 32 mA
  = 14.7 ms
```

ಬರೆಯಲು ಬೇಕಾದದ್ದು 6.7 ಮಿಲಿಸೆಕೆಂಡ್. 16 ಬೈಟ್ ದಾಖಲೆ ಮತ್ತು ಅದರ ವಿಳಾಸವನ್ನು 100 ಕಿಲೋಹರ್ಟ್ಸ್‌ನಲ್ಲಿ ಕಳಿಸಲು 1.7, ಚಿಪ್ ಒಳಗೇ ಬರೆದುಕೊಳ್ಳಲು ಹೆಚ್ಚೆಂದರೆ 5. ಬೇಕಾದ್ದಕ್ಕಿಂತ ಎರಡು ಪಟ್ಟು ಟೈಮ್ ಇದೆ ಅಂತ ನಾನು ಡಿಸೈನ್ ರಿವ್ಯೂನಲ್ಲಿ ಎದೆ ಉಬ್ಬಿಸಿ ಹೇಳಿದ್ದೆ.

ಆ ಶನಿವಾರ ಊರಿಗೆ ಹೋಗಿ ಮೀಟರ್ ಬಿಚ್ಚಿ ತಂದೆ. ಚಿಪ್‌ನಲ್ಲಿದ್ದದ್ದನ್ನೆಲ್ಲ ಓದಿ, ಭಾವನ ಡೈರಿ ಪಕ್ಕದಲ್ಲಿ ಇಟ್ಟುಕೊಂಡೆ. ಆ ಮಳೆಗಾಲದಲ್ಲಿ ಕರೆಂಟ್ ಹೋದದ್ದು ಲೆಕ್ಕವಿಲ್ಲದಷ್ಟು ಸಲ. ರೀಡಿಂಗ್ ಹಿಂದೆ ಹೋದದ್ದು ಮೂರೇ ಸಲ. ಆ ಮೂರೂ ಸಲ ಅದೇ ನಿಮಿಷದಲ್ಲಿ ಈವೆಂಟ್ ಲಾಗ್‌ನಲ್ಲಿ ಒಂದು ಸಾಲು ಇತ್ತು: ವೋಲ್ಟೇಜ್ ಕಡಿಮೆ. ಲೆಕ್ಕ ಸರಿಯಿದ್ದ ಹೆಚ್ಚಿನ ದಿನಗಳಲ್ಲಿ ಆ ಸಾಲು ಇರಲಿಲ್ಲ.

ಈವೆಂಟ್ ಲಾಗ್ ಇರುವುದೂ ಅದೇ ಇಇಪ್ರಾಮ್‌ನಲ್ಲಿ. ವೋಲ್ಟೇಜ್ 160ಕ್ಕಿಂತ ಕೆಳಗೆ ಮೂರು ಸೈಕಲ್, ಅಂದರೆ 60 ಮಿಲಿಸೆಕೆಂಡ್ ಇದ್ದರೆ ಅದನ್ನು ಬರೆದಿಡು ಅಂತ ನಾನೇ ಸೇರಿಸಿದ್ದೆ. ಒಂದು ಸಲ ಬರೆಯಲು ಕಳಿಸಿದ ಮೇಲೆ ಆ ಚಿಪ್ 5 ಮಿಲಿಸೆಕೆಂಡ್ ತನ್ನ ಕೆಲಸದಲ್ಲಿ ಮುಳುಗಿರುತ್ತದೆ. ಆಗ ಕರೆದರೆ ಓ ಅನ್ನುವುದಿಲ್ಲ. ಪ್ರೊಸೆಸರ್ ಮತ್ತು ಆ ಚಿಪ್ ಮಾತಾಡುವ ಐ-ಟು-ಸಿ ಭಾಷೆಯಲ್ಲಿ ಇದು ನ್ಯಾಕ್. ನನ್ನ ಪವರ್ ಫೇಲ್ ಕೋಡ್ ಕರೆಯಿತು, ನ್ಯಾಕ್ ಬಂತು, ಡ್ರೈವರ್ ಎರರ್ ವಾಪಸ್ ಕೊಟ್ಟಿತು. ನಾನು ಆ ಎರರ್ ನೋಡಲೇ ಇಲ್ಲ. ಹೇಗೂ ಕರೆಂಟ್ ಹೋಗುತ್ತಿದೆ, ಎರರ್ ಇಟ್ಟುಕೊಂಡು ಏನು ಮಾಡಲಿ ಅಂದುಕೊಂಡು ಬರೆದ ಸಾಲು ಅದು.

ಎರಡು ಬರವಣಿಗೆ ಒಂದೇ ಗಳಿಗೆಗೆ ಬೀಳುವುದು ಲಕ್ಷಕ್ಕೊಂದು ಅಂತ ನನ್ನ ಅಂದಾಜು. ಗಂಟೆಗೊಮ್ಮೆಯ ಬರವಣಿಗೆಗೆ ಅದು ನಿಜವೂ ಹೌದು. ಆದರೆ ಮಲೆನಾಡಿನ ಮಳೆಯಲ್ಲಿ ಕರೆಂಟ್ ಹೋಗುವುದು ಪ್ಲಗ್ ಕಿತ್ತ ಹಾಗಲ್ಲ. ಗಾಳಿಗೆ ಕೊಂಬೆ ಲೈನಿಗೆ ತಾಗುತ್ತದೆ, ಬಲ್ಬ್ ಮಂಕಾಗುತ್ತದೆ, ಆಮೇಲೆ ಎಲ್ಲೋ ಟ್ರಿಪ್ ಆಗಿ ಕತ್ತಲೆ. ವೋಲ್ಟೇಜ್ ಇಳಿಯುವುದು ಮತ್ತು ಕರೆಂಟ್ ಹೋಗುವುದು ಎರಡು ಬೇರೆ ಬೇರೆ ಘಟನೆಗಳಲ್ಲ. ಒಂದರ ಬೆನ್ನಿಗೇ ಇನ್ನೊಂದು.

ಬೆಂಚ್ ಮೇಲೆ ಇದು ಯಾಕೆ ಸಿಗಲಿಲ್ಲ? 230 ವೋಲ್ಟ್‌ನಲ್ಲಿ ಪ್ಲಗ್ ಕಿತ್ತರೆ, ಆ ಕರೆಂಟನ್ನು 5 ವೋಲ್ಟ್‌ಗೆ ಇಳಿಸುವ ಎಸ್‌ಎಂಪಿಎಸ್‌ನ ಮುಂಭಾಗದ ಕೆಪಾಸಿಟರ್ ತುಂಬಿರುತ್ತದೆ. ಅದು ಬರಿದಾಗಿ 5 ವೋಲ್ಟ್ ಲೈನ್ ಕುಸಿಯಲು ಸುಮಾರು 40 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಈವೆಂಟ್ ದಾಖಲಾಗಲು 60 ಬೇಕು. ಹಾಗಾಗಿ ಪವರ್ ಫೇಲ್ ಯಾವಾಗಲೂ ಮೊದಲೇ ಗೆಲ್ಲುತ್ತಿತ್ತು. ವೋಲ್ಟೇಜ್ ಮೊದಲು 140ಕ್ಕೆ ಇಳಿದರೆ ಸಂಗತಿ ಬೇರೆ. 60ರ ಎಣಿಕೆ ಆಗಲೇ ಶುರುವಾಗಿರುತ್ತದೆ. ಕೆಪಾಸಿಟರ್‌ನಲ್ಲಿ ಉಳಿಯುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿದು, ಆ 40 ಸುಮಾರು 13ಕ್ಕೆ ಇಳಿದಿರುತ್ತದೆ.

ಇದನ್ನು ಕಣ್ಣಾರೆ ನೋಡಲು ವೋಲ್ಟೇಜ್ ಏರಿಳಿಸುವ ಒಂದು ವೇರಿಯಾಕ್, ಎರಡು ರಿಲೇ ಇಟ್ಟು ಜುಗಾಡ್ ಮಾಡಿದೆ. 230 ಇದ್ದದ್ದು 140ಕ್ಕೆ ಇಳಿಯಬೇಕು, ನಾನು ಹೇಳಿದಷ್ಟು ಹೊತ್ತಾದ ಮೇಲೆ ಪೂರ್ತಿ ಕಟ್ ಆಗಬೇಕು. ಆ ಹೊತ್ತನ್ನು 20 ಮಿಲಿಸೆಕೆಂಡ್‌ನಿಂದ 200ರ ತನಕ ಎರಡೆರಡಾಗಿ ಏರಿಸುತ್ತಾ ಹೋದೆ. 48ರ ತನಕ ಏನೂ ಇಲ್ಲ. 50ಕ್ಕೆ ರೀಡಿಂಗ್ ಹಿಂದೆ ಹೋಯಿತು! 52, 54ಕ್ಕೂ ಹೋಯಿತು. 58ರಿಂದ ಮುಂದೆ ಮತ್ತೆ ಎಲ್ಲ ಸರಿ. ಆರೇಳು ಮಿಲಿಸೆಕೆಂಡ್ ಅಗಲದ ಒಂದು ಕಿಂಡಿ. ಅದರೊಳಗೆ ಬಿದ್ದರೆ ಮಾತ್ರ ಲೆಕ್ಕ ಮಾಯ. ರಿಲೇಗಳು ಒಂದೆರಡು ಮಿಲಿಸೆಕೆಂಡ್ ಹಿಂದೆ ಮುಂದೆ ಆಗುವುದರಿಂದ ಪ್ರತಿ ಸಲವೂ ಸಿಗುತ್ತಿರಲಿಲ್ಲ, ಆದರೆ ಜಾಗ ಮಾತ್ರ ಅದೇ.

ಮೊದಲ ತಿದ್ದುಪಡಿ ಸುಲಭ. ನ್ಯಾಕ್ ಬಂದರೆ ಬಿಟ್ಟು ಹೋಗದೆ, ಚಿಪ್ ಓ ಅನ್ನುವ ತನಕ ಕೇಳುತ್ತಾ ಇರುವುದು. ಆದರೆ ಆಗ ನನ್ನ ಆರಾಮದ ಲೆಕ್ಕ ಕರಗಿತು. ಹಳೆಯ ಬರವಣಿಗೆ ಮುಗಿಯಲು 5, ನಮ್ಮದಕ್ಕೆ 6.7, ಒಟ್ಟು 11.7. ಇತ್ತ 470 ಮೈಕ್ರೋಫ್ಯಾರಡ್ ಅಂತ ಬರೆದ ಕೆಪಾಸಿಟರ್ 20 ಪರ್ಸೆಂಟ್ ಕಡಿಮೆ ಇದ್ದರೂ ಅದು ತಪ್ಪಲ್ಲ, ಅಷ್ಟು ಟಾಲರೆನ್ಸ್ ಇದೆ. 376 ಅಂತ ಹಿಡಿದರೆ ಸಿಗುವುದು 11.75 ಮಿಲಿಸೆಕೆಂಡ್. ಬೇಕಾದ್ದು 11.7, ಇರುವುದು 11.75. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ವರ್ಷ ಕಳೆದಂತೆ ಒಣಗುತ್ತದೆ ಬೇರೆ.

ದೊಡ್ಡ ಕೆಪಾಸಿಟರ್ ಹಾಕು ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದರು. 2200 ಹಾಕಿಯೂ ನೋಡಿದೆ. ಡಬ್ಬಿಯ ಮುಚ್ಚಳ ಕೂರಲಿಲ್ಲ. ಮೇಲಿಂದ ಆ ಸಣ್ಣ ಎಸ್‌ಎಂಪಿಎಸ್ ಸ್ಟಾರ್ಟ್ ಆಗುವಾಗ ಅಷ್ಟು ದೊಡ್ಡ ಕೆಪಾಸಿಟರನ್ನು ಶಾರ್ಟ್ ಸರ್ಕ್ಯೂಟ್ ಅಂತ ತಿಳಿದು ಟಿಕ್ ಟಿಕ್ ಅಂತ ಬಿಕ್ಕಳಿಸತೊಡಗಿತು.

ಆಮೇಲೆ ಸೂತ್ರದ ಇನ್ನೊಂದು ಅಕ್ಷರದ ಕಡೆ ಕಣ್ಣು ಹೋಯಿತು. 32 ಮಿಲಿಆಂಪ್‌ನಲ್ಲಿ 20 ಡಿಸ್‌ಪ್ಲೇಯ ಬ್ಯಾಕ್‌ಲೈಟ್‌ದು! ಮನೆ ಮುಳುಗುವಾಗ ಜಗಲಿ ದೀಪ ಯಾಕೆ? ಬ್ಯಾಕ್‌ಲೈಟ್, ಎಲ್‌ಇಡಿ, ಅಳತೆಯ ಭಾಗ ಎಲ್ಲ ಆರಿಸಿದರೆ ಉಳಿಯುವುದು 6 ಮಿಲಿಆಂಪ್. ಅದೇ ಕಳಪೆ 376 ಮೈಕ್ರೋಫ್ಯಾರಡ್‌ಗೆ ಆಗ 62 ಮಿಲಿಸೆಕೆಂಡ್ ಸಿಗುತ್ತದೆ. ಒಂದು ಪೈಸೆ ಖರ್ಚಿಲ್ಲ.

```c
void power_fail_isr(void)
{
    TEST_PIN = 1;
    BACKLIGHT = 0;
    LED = 0;
    METER_AFE = 0;
    i2c_abort();
    wait_eeprom_ready();
    eeprom_write(slot, &rec, 16);
    wait_eeprom_ready();
    TEST_PIN = 0;
}
```

ಇಲ್ಲಿ ಸಾಲುಗಳ ಕ್ರಮ ಮುಖ್ಯ. ಲೋಡ್ ಆರಿಸುವುದು ಬರೆಯುವುದಕ್ಕಿಂತ ಮೊದಲೇ ಆಗಬೇಕು. `i2c_abort` ಯಾಕೆಂದರೆ, ಈವೆಂಟ್‌ನ ಬೈಟ್‌ಗಳು ಇನ್ನೂ ತಂತಿಯ ಮೇಲೆ ಹೋಗುತ್ತಿರುವಾಗ ಇಂಟರಪ್ಟ್ ಬಂದಿರಬಹುದು. ಕೊನೆಯ ಸ್ಟಾಪ್ ಸಂಕೇತ ಕೊಡದೆ ಅರ್ಧಕ್ಕೆ ಬಿಟ್ಟರೆ ಚಿಪ್ ಅದನ್ನು ಬರೆಯುವುದಿಲ್ಲ. ಒಂದು ಈವೆಂಟ್ ಹೋದರೆ ಹೋಗಲಿ, ಯೂನಿಟ್ ಮುಖ್ಯ. ಕಾಯುವ ಫಂಕ್ಷನ್‌ಗೆ ಮಿತಿ ಹಾಕಿದ್ದೇನೆ, ಚಿಪ್ ಕೆಟ್ಟಿದ್ದರೆ ಅಲ್ಲೇ ಸಿಕ್ಕಿಕೊಳ್ಳಬಾರದಲ್ಲ. ದಾಖಲೆಯನ್ನು ಎರಡು ಜಾಗದಲ್ಲಿ ಸರದಿ ಪ್ರಕಾರ, ಕ್ರಮಸಂಖ್ಯೆ ಮತ್ತು ತಪ್ಪು ಹಿಡಿಯುವ ಸಿಆರ್‌ಸಿ ಜೊತೆ ಇಡುವುದು ಮೊದಲೇ ಇತ್ತು. ಅದಿಲ್ಲದಿದ್ದರೆ ಅರ್ಧ ಬರೆದ ದಾಖಲೆಯಿಂದ ಭಾವನಿಗೆ ನಾಲ್ಕು ಲಕ್ಷ ಯೂನಿಟ್ ಕಾಣುವ ಅಪಾಯವಿತ್ತು.

`TEST_PIN` ಸುಮ್ನೆ ಇಟ್ಟಿದ್ದಲ್ಲ. ಆಸಿಲೋಸ್ಕೋಪ್‌ನ ಒಂದು ಚಾನೆಲ್ 5 ವೋಲ್ಟ್ ಲೈನಿಗೆ, ಇನ್ನೊಂದು ಆ ಪಿನ್ನಿಗೆ. ಪಿನ್ ಕೆಳಗಿಳಿದ ಹೊತ್ತಿಗೆ ಲೈನ್ ಎಷ್ಟು ವೋಲ್ಟ್‌ನಲ್ಲಿದೆ ಅಂತ ನೋಡಿದರೆ ಉಳಿದ ಅಂತರ ಕಣ್ಣಿಗೇ ಕಾಣುತ್ತದೆ. ಹಳೆಯ ಕೋಡ್‌ನಲ್ಲಿ ನಾನು ಈ ಚಿತ್ರ ನೋಡಿದ್ದೆ, ಆದರೆ ಹೊಸ ಬೋರ್ಡ್, ಹೊಸ ಕೆಪಾಸಿಟರ್, ಅದೂ ಚಿಪ್ 5ರ ಬದಲು ಮೂರೂವರೆಯಲ್ಲೇ ಮುಗಿಸುತ್ತಿದ್ದಾಗ. ಈ ಸಲ ಬೇಕೆಂದೇ 470 ತೆಗೆದು 220 ಬೆಸುಗೆ ಹಾಕಿದೆ, ಕೆಪಾಸಿಟರ್ ಮುದಿಯಾದ ಹಾಗೆ. ಹಳೆಯ ಕೋಡ್‌ಗೆ ಅದರಲ್ಲಿ ಸಿಗುತ್ತಿದ್ದದ್ದು 7 ಮಿಲಿಸೆಕೆಂಡ್‌ಗೂ ಕಡಿಮೆ. ಹೊಸದು 20ರಿಂದ 200ರ ತನಕ ಪೂರ್ತಿ ಓಡಿ ಒಂದು ಪಲ್ಸೂ ಕಳೆಯಲಿಲ್ಲ.

ಒಂದು ಕೊರತೆ ಊರಿನಲ್ಲೇ ಕಂಡಿತು. ಹೊಸ ಕೋಡ್ ಹಾಕಿ ಮೀಟರ್ ಮತ್ತೆ ಕೂರಿಸಿದ ಸಂಜೆ ವೋಲ್ಟೇಜ್ ಬಹಳ ಹೊತ್ತು ತೀರಾ ಕೆಳಗೇ ನಿಂತಿತ್ತು. ಎಸ್‌ಎಂಪಿಎಸ್ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಪ್ರತಿ ಸಲ ಬಿದ್ದಾಗಲೂ ಪವರ್ ಫೇಲ್, ಪ್ರತಿ ಸಲವೂ ಒಂದು ಬರವಣಿಗೆ. ಭಾವ ಟಾರ್ಚ್ ಹಿಡಿದು ನಿಂತಿದ್ದರು, ನಾನು ಡಿಸ್‌ಪ್ಲೇ ಮಿಣುಕುವುದನ್ನು ಎಣಿಸಿದೆ. ನಿಮಿಷಕ್ಕೆ ಮೂವತ್ತರ ಮೇಲೆ. ಹೀಗೆ ಗಂಟೆಗಟ್ಟಲೆ, ದಿನಾ ನಡೆದರೆ ಹತ್ತು ಲಕ್ಷವೂ ದೊಡ್ಡ ಸಂಖ್ಯೆ ಅಲ್ಲ. ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ಒಂದು ಸಾಲು ಸೇರಿಸಿದೆ: ಕಳೆದ ಸಲ ಬರೆದ ಎಣಿಕೆಯೇ ಈಗಲೂ ಇದ್ದರೆ ಬರೆಯಬೇಡ.

ಆಗಸ್ಟ್ ಕೊನೆಗೆ ಭಾವ ಡೈರಿಯ ಫೋಟೋ ಕಳಿಸಿದರು. ಕರೆಂಟ್ ಹೋಗುವ ಮೊದಲು 1402.7, ಬಂದ ಮೇಲೆ 1402.7. ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು ಇತ್ತು: ಜುಲೈ ತಿಂಗಳ 1.1 ಯೂನಿಟ್, ನನ್ನ ಹೆಸರಿನಲ್ಲಿ, ಬಾಕಿ.