27.5 ಅಂದ್ರೆ ಎಷ್ಟು? ವೇತನ ಆಯೋಗದ ಲೆಕ್ಕ ಬಿಲ್ಲಿಗೆ ಬಂದಾಗ

ಚಿತ್ರದುರ್ಗದ ಒಂದು ಜಿಲ್ಲಾ ಮಟ್ಟದ ಕಚೇರಿಯಲ್ಲಿ ಸಿಬ್ಬಂದಿ ಶಾಖೆ ನೋಡಿಕೊಳ್ಳುತ್ತೇನೆ. ಸಂಬಳದ ಬಿಲ್, ಸೇವಾ ಪುಸ್ತಕ, ವಾರ್ಷಿಕ ವೇತನ ಬಡ್ತಿ, ನಿವೃತ್ತಿಯ ಕಡತ, ಬಜೆಟ್ ಅಂದಾಜು ಎಲ್ಲ ನನ್ನ ಟೇಬಲ್ ಮೇಲೇ ಹಾದು ಹೋಗುತ್ತವೆ. 7ನೇ ರಾಜ್ಯ ವೇತನ ಆಯೋಗದ ವೇತನ ಜಾರಿಗೆ ಬಂದ ವರ್ಷ ಈ ಕೆಲಸದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಸಿಬ್ಬಂದಿ ಶಾಖೆಗೆ ಬಂದವರಿಗೆ ಇದು ಬೇಕಾಗುತ್ತದೆ. ಸರ್ಕಾರಿ ನೌಕರರಿಗೆ ಸಂಬಳ ಎಷ್ಟು ಜಾಸ್ತಿ ಆಯ್ತು ಅಂತ ಹೊರಗಿನಿಂದ ಕೇಳುವವರಿಗೂ ಬೇಕಾಗುತ್ತದೆ.

ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಆಯೋಗ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಜುಲೈನಲ್ಲಿ ಸರ್ಕಾರ ಒಪ್ಪಿತು. ಆಗಸ್ಟ್ 1ರಿಂದ ಹೊಸ ವೇತನ. ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಅಂತ ಸರ್ಕಾರವೇ ಹೇಳಿತು. ಆ ವಾರ ಪೇಪರಿನಲ್ಲಿ ಎರಡು ಅಂಕಿ ಓಡಾಡಿದವು: 27.5 ಮತ್ತು 58.5. ನಮ್ಮ ಕಚೇರಿಗೆ ಆ ವರ್ಷದ ಆರಂಭದಲ್ಲಿ ಸೇರಿದ್ದ ದ್ವಿತೀಯ ದರ್ಜೆ ಸಹಾಯಕಿ ಬಂದು, 'ಸರ್, ನನಗೆ 58 ಪರ್ಸೆಂಟ್ ಬರುತ್ತಾ, 27 ಬರುತ್ತಾ?' ಅಂತ ಕೇಳಿದರು. ಎರಡೂ ಅಲ್ಲ ಅಂತ ಹೇಳಿ, ಒಂದು ಹಾಳೆ ತೆಗೆದುಕೊಂಡು ಅವರ ಎದುರಿಗೇ ಲೆಕ್ಕ ಹಾಕಿದೆ.

ಅವರ ಮೂಲ ವೇತನ 21,400. ಅದು ಎಸ್‌ಡಿಎ ಹುದ್ದೆಯ ಹಳೆಯ ಶ್ರೇಣಿಯ ಕನಿಷ್ಠ. ಜುಲೈ ತಿಂಗಳಲ್ಲಿ ಇದರ ಮೇಲೆ ತುಟ್ಟಿಭತ್ಯೆ 42.5 ಪರ್ಸೆಂಟ್, ಅಂದರೆ 9,095. 2023ರ ಏಪ್ರಿಲ್‌ನಿಂದ ಕೊಡುತ್ತಿದ್ದ ಮಧ್ಯಂತರ ಪರಿಹಾರ 17 ಪರ್ಸೆಂಟ್, 3,638. ಚಿತ್ರದುರ್ಗಕ್ಕೆ ಮನೆ ಬಾಡಿಗೆ ಭತ್ಯೆ 8 ಪರ್ಸೆಂಟ್, 1,712. ಎಲ್ಲ ಸೇರಿ 35,845 ರೂಪಾಯಿ.

ಈಗ ಹೊಸದು. ಹಳೆಯ ಮೂಲ ವೇತನಕ್ಕೆ 2022ರ ಜುಲೈ 1ಕ್ಕೆ ಇದ್ದ 31 ಪರ್ಸೆಂಟ್ ತುಟ್ಟಿಭತ್ಯೆ ಸೇರಿಸಬೇಕು. ಜೊತೆಗೆ ಅದೇ ಮೂಲ ವೇತನದ 27.5 ಪರ್ಸೆಂಟ್ ಫಿಟ್‌ಮೆಂಟ್, ಅಂದರೆ ಪರಿಷ್ಕರಣೆಯ ಏರಿಕೆ, ಸೇರಿಸಬೇಕು. 58.5 ಬಂದದ್ದು ಹೀಗೆ. 21,400ಕ್ಕೆ 33,919 ಆಗುತ್ತದೆ, ಮುಂದಿನ ಹಂತ 34,100. ಇದೇ ಹೊಸ ಶ್ರೇಣಿಯ ಕನಿಷ್ಠ. ತುಟ್ಟಿಭತ್ಯೆ 42.5ರಿಂದ ಧಡಕ್ಕನೆ 8.5ಕ್ಕೆ ಇಳಿಯಿತು, ಯಾಕೆಂದರೆ ಹಳೆಯದು ಮೂಲ ವೇತನದ ಒಳಗೆ ಸೇರಿಹೋಗಿದೆ. ಅದು 2,899. ಮನೆ ಬಾಡಿಗೆ ಈಗ 7.5 ಪರ್ಸೆಂಟ್, 2,558. ಮಧ್ಯಂತರ ಪರಿಹಾರ ನಿಂತುಹೋಯಿತು. ಒಟ್ಟು 39,557.

ವ್ಯತ್ಯಾಸ 3,712 ರೂಪಾಯಿ. ಜುಲೈ ಸಂಬಳಕ್ಕೆ ಹೋಲಿಸಿದರೆ 10 ಪರ್ಸೆಂಟ್‌ಗೆ ಸ್ವಲ್ಪ ಮೇಲೆ, ಅಷ್ಟೇ. 31 ಪರ್ಸೆಂಟ್ ಅವರ ಕೈಗೆ ಮೊದಲೇ ಬರುತ್ತಿತ್ತು, ಹೆಸರು ಮಾತ್ರ ತುಟ್ಟಿಭತ್ಯೆ ಅಂತ ಇತ್ತು. 27.5ರಲ್ಲಿ 17 ಮಧ್ಯಂತರ ಪರಿಹಾರವಾಗಿ ಬರುತ್ತಿತ್ತು. ಆಗಸ್ಟ್‌ನಲ್ಲಿ ನಿಜವಾಗಿ ಹೊಸದಾಗಿ ಬಂದದ್ದು ಉಳಿದ ಭಾಗ. ಹುಡುಗಿಗೆ ಸ್ವಲ್ಪ ನಿರಾಸೆ ಆಯ್ತು. ಆದರೆ ಲೆಕ್ಕ ಅರ್ಥವಾಯಿತು.

ಮನೆ ಬಾಡಿಗೆ ಭತ್ಯೆಯ ಬಗ್ಗೆ ಒಂದು ಮಾತು. ದರ 8ರಿಂದ 7.5ಕ್ಕೆ ಇಳಿದಾಗ 'ಕಡಿಮೆ ಮಾಡಿದ್ರು' ಅಂತ ನಮ್ಮಲ್ಲಿ ಗೊಣಗಾಟ ಇತ್ತು. ದರ ಇಳಿದರೂ ಅದು ದೊಡ್ಡದಾದ ಮೂಲ ವೇತನದ ಮೇಲೆ ಕೂರುತ್ತದೆ, ಅಲ್ವಾ? 1,712 ಇದ್ದದ್ದು 2,558 ಆಯ್ತು. ಬೆಂಗಳೂರಿನಲ್ಲಿ 24ರಿಂದ 20ಕ್ಕೆ ಇಳಿಸಿದರು, ಅಲ್ಲಿನ ಏರಿಕೆ ಸುಮಾರು 33 ಪರ್ಸೆಂಟ್. ನಮ್ಮಂಥ ಊರುಗಳಲ್ಲಿ ಏರಿದ್ದು ಹತ್ತಿರ ಹತ್ತಿರ 49 ಪರ್ಸೆಂಟ್. ಶೇಕಡಾವಾರು ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ನನ್ನ ಕೆಲಸಕ್ಕೆ ಇದರಿಂದ ಬಂದ ದೊಡ್ಡ ಪಾಠ ಬಜೆಟ್ ಅಂದಾಜಿನದು. ಸಂಬಳ ಒಂದೇ ಮೊತ್ತವಾಗಿ ಕೈಗೆ ಸಿಗುತ್ತದೆ, ಆದರೆ ಅನುದಾನ ಒಂದೇ ಗಂಟಾಗಿ ಬರುವುದಿಲ್ಲ. ಸಿಬ್ಬಂದಿ ವೇತನಕ್ಕೆ 003, ತುಟ್ಟಿಭತ್ಯೆಗೆ 011, ಇತರ ಭತ್ಯೆಗೆ 014, ಹೀಗೆ ಬೇರೆ ಬೇರೆ ಉದ್ದೇಶ ಶೀರ್ಷಿಕೆ. ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆಯಾದ ಖಜಾನೆ-2 ಪ್ರತಿ ಶೀರ್ಷಿಕೆಯಲ್ಲಿ ದುಡ್ಡು ಇದೆಯಾ ಅಂತ ಬೇರೆ ಬೇರೆಯಾಗಿ ನೋಡುತ್ತದೆ. ಒಂದರಲ್ಲಿ ಕಡಿಮೆ ಇದ್ದರೆ, ಪಕ್ಕದ್ದರಲ್ಲಿ ಎಷ್ಟೇ ಉಳಿದಿರಲಿ, ಬಿಲ್ ಮುಂದಕ್ಕೆ ಹೋಗುವುದಿಲ್ಲ.

ಅದೇ ಹುದ್ದೆಯ 2024-25ರ ಲೆಕ್ಕ ನೋಡಿ. ಮಾರ್ಚ್ ಸಂಬಳ ಏಪ್ರಿಲ್‌ನಲ್ಲಿ ಪಾವತಿ ಆಗುತ್ತದೆ. ಹಾಗಾಗಿ ಒಂದು ಆರ್ಥಿಕ ವರ್ಷ ಅಂದರೆ ಮಾರ್ಚ್‌ನಿಂದ ಫೆಬ್ರವರಿವರೆಗಿನ ಸಂಬಳ. ಐದು ತಿಂಗಳು ಹಳೆಯ ದರ, ಏಳು ತಿಂಗಳು ಹೊಸದು. 003ರಲ್ಲಿ ಹಳೆಯ ಲೆಕ್ಕದಂತೆ ಬೇಕಿದ್ದದ್ದು 2,56,800. ಬೇಕಾದದ್ದು 3,45,700. ಕೊರತೆ 88,900. ಅದೇ ವರ್ಷ 011ರಲ್ಲಿ 1,09,140 ಇಟ್ಟಿದ್ದರೆ ಖರ್ಚಾಗುವುದು 65,768 ಮಾತ್ರ. ಅಕ್ಟೋಬರ್‌ನಲ್ಲಿ ತುಟ್ಟಿಭತ್ಯೆ 10.75ಕ್ಕೆ ಏರಿದ್ದನ್ನು ಇಲ್ಲಿ ಸೇರಿಸಿಲ್ಲ, ಸೇರಿಸಿದರೂ ಚಿತ್ರ ಬದಲಾಗುವುದಿಲ್ಲ. ಒಂದು ಕಡೆ ಹಣ ಮಿಕ್ಕುತ್ತದೆ, ಇನ್ನೊಂದು ಕಡೆ ಸಾಲುವುದಿಲ್ಲ. ಇದು ಒಬ್ಬರ ಲೆಕ್ಕ. ಎಲ್ಲ ತಾಲ್ಲೂಕು ಕಚೇರಿಗಳನ್ನು ಕೂಡಿಸಿದರೆ ಕೊರತೆ ಎಲ್ಲಿಗೆ ಹೋಗುತ್ತದೆ ನೋಡಿ.

ಹೋದ ವರ್ಷದ ಖರ್ಚಿಗೆ ಎಲ್ಲ ಶೀರ್ಷಿಕೆಗೂ ಒಂದೇ ಪರ್ಸೆಂಟ್ ಸೇರಿಸಿ ಅಂದಾಜು ಕಳಿಸುವ ಅಭ್ಯಾಸ ಬಹಳ ಕಡೆ ಇದೆ. ಸಾಮಾನ್ಯ ವರ್ಷದಲ್ಲಿ ಅದು ಹೇಗೋ ನಡೆದುಹೋಗುತ್ತದೆ. ವೇತನ ಪರಿಷ್ಕರಣೆಯ ವರ್ಷದಲ್ಲಿ ನಡೆಯುವುದಿಲ್ಲ. ಜನವರಿ ಹೊತ್ತಿಗೆ 003 ಬರಿದಾಗುತ್ತದೆ, ಸಂಬಳದ ಬಿಲ್ ನಿಲ್ಲುತ್ತದೆ, ಒಂದು ಶೀರ್ಷಿಕೆಯಲ್ಲಿ ಉಳಿದ ಹಣವನ್ನು ಇನ್ನೊಂದಕ್ಕೆ ತಿರುಗಿಸುವ ಪುನರ್ವಿನಿಯೋಗದ ಪ್ರಸ್ತಾವ ಹಿಡಿದು ಓಡಾಡಬೇಕಾಗುತ್ತದೆ. ಮುಂಚೆಯೇ ಗೊತ್ತಾಗಬೇಕಾದರೆ ಮೊದಲ ಹೊಸ ಬಿಲ್ ಆದ ತಕ್ಷಣ ಶೀರ್ಷಿಕೆವಾರು ಖರ್ಚನ್ನು ಉಳಿದ ತಿಂಗಳುಗಳಿಂದ ಗುಣಿಸಿ ನೋಡಿ. ನಾನು ಸಂಬಳದ ಬಿಲ್ ಮಾಡುವ ಎಚ್‌ಆರ್‌ಎಂಎಸ್ ತಂತ್ರಾಂಶದಿಂದ ಒಬ್ಬೊಬ್ಬರ ಮೂಲ ವೇತನ ತೆಗೆದು, ವಾರ್ಷಿಕ ಬಡ್ತಿ ಜನವರಿಯದ್ದೋ ಜುಲೈದ್ದೋ ನೋಡಿ, ಹುದ್ದೆವಾರು ಪಟ್ಟಿ ಮಾಡುತ್ತೇನೆ. ತುಟ್ಟಿಭತ್ಯೆ ಕೊನೆಗೆ, ಅದರದೇ ಕಾಲಂನಲ್ಲಿ. ಸಮಯ ಹಿಡಿಯುತ್ತದೆ, ನಿಜ. ಆದರೆ ಫೆಬ್ರವರಿಯಲ್ಲಿ ಸಹೋದ್ಯೋಗಿಗಳಿಗೆ 'ಈ ತಿಂಗಳು ಸಂಬಳ ತಡ' ಅಂತ ಹೇಳುವ ಸ್ಥಿತಿ ಬರುವುದಿಲ್ಲ.

ಇನ್ನು ದಿನಾಂಕದ ವಿಚಾರ. ನನಗೆ ಇದು ಪರ್ಸೆಂಟ್‌ಗಿಂತ ದೊಡ್ಡದು ಅನಿಸುತ್ತದೆ. ಹೊಸ ವೇತನ ಕಾಲ್ಪನಿಕವಾಗಿ 2022ರ ಜುಲೈ 1ರಿಂದ, ಹಣ ಕೈಗೆ ಬರುವುದು 2024ರ ಆಗಸ್ಟ್ 1ರಿಂದ. ನಡುವೆ 25 ತಿಂಗಳು. ಆ ಅವಧಿಗೆ ಸೇವಾ ಪುಸ್ತಕದಲ್ಲಿ ಹೊಸ ವೇತನ ಬರೆಯುತ್ತೇವೆ, ವಾರ್ಷಿಕ ಬಡ್ತಿಗಳನ್ನು ಹೊಸ ಶ್ರೇಣಿಯಲ್ಲೇ ಹಾಕುತ್ತೇವೆ, ಆದರೆ ಬಾಕಿ ಹಣ ಇಲ್ಲ. 25 ತಿಂಗಳಲ್ಲಿ ಕೊನೆಯ 16 ತಿಂಗಳಿಗೆ ಮಧ್ಯಂತರ ಪರಿಹಾರವಾದರೂ ಸಿಕ್ಕಿತು. ಮೊದಲ ಒಂಬತ್ತು ತಿಂಗಳಿಗೆ ಅದೂ ಇಲ್ಲ. 21,400ರಲ್ಲಿದ್ದ ಒಬ್ಬ ನೌಕರನಿಗೆ ಆ ಒಂಬತ್ತು ತಿಂಗಳಲ್ಲೇ ಸುಮಾರು 62 ಸಾವಿರ ಆಗುತ್ತಿತ್ತು. ಸರ್ಕಾರದ ದೃಷ್ಟಿಯಲ್ಲಿ ಇದು ಉಳಿತಾಯ. ಫಿಟ್‌ಮೆಂಟ್ ಒಂದೆರಡು ಪರ್ಸೆಂಟ್ ಕಡಿಮೆ ಮಾಡುವುದಕ್ಕಿಂತ, ಹಣ ಕೊಡುವ ದಿನಾಂಕ ಮುಂದೆ ಹಾಕುವುದು ಸುಲಭ. ಗಲಾಟೆಯೂ ಕಡಿಮೆ.

ಕೆಲಸದಲ್ಲಿರುವವರಿಗೆ ಹೋದದ್ದು ಹೋಯಿತು, ಮುಂದಾದರೂ ಹೊಸ ವೇತನ ಇದೆ. ಆ 25 ತಿಂಗಳ ಒಳಗೆ ನಿವೃತ್ತಿಯಾದವರ ಪಾಡೇ ಬೇರೆ. ನಾನು ಕಡತ ಮಾಡಿದ ಒಬ್ಬರ ಲೆಕ್ಕ ಹೇಳುತ್ತೇನೆ. 2023ರ ಜೂನ್ ಕೊನೆಗೆ ನಿವೃತ್ತಿ, ಹಳೆಯ ಪಿಂಚಣಿಯವರು, ಪೂರ್ಣ ಸೇವೆ. ಕೊನೆಯ ಮೂಲ ವೇತನ 50,150. ಕಾಲ್ಪನಿಕವಾಗಿ ಹೊಸ ಶ್ರೇಣಿಯಲ್ಲಿ ಅದು 79,900. ಪಿಂಚಣಿ ಅರ್ಧ, ಅಂದರೆ 25,075 ಇದ್ದದ್ದು 39,950 ಆಯ್ತು. ಇದು 2024ರ ಆಗಸ್ಟ್‌ನಿಂದ ಸಿಗುತ್ತದೆ, ಸಮಾಧಾನ. ಆದರೆ ನಿವೃತ್ತಿಯಲ್ಲಿ ಒಮ್ಮೆ ಮಾತ್ರ ಸಿಗುವ ಉಪದಾನ, ಗಳಿಕೆ ರಜೆ ನಗದೀಕರಣ, ಪಿಂಚಣಿ ಪರಿವರ್ತನೆ ಎಲ್ಲ ಹಳೆಯ ವೇತನದ ಮೇಲೇ ನಿಂತವು. ಪರಿವರ್ತನೆ ಅಂದರೆ ಪಿಂಚಣಿಯ ಮೂರನೇ ಒಂದು ಭಾಗವನ್ನು ಬಿಟ್ಟುಕೊಟ್ಟು, ಅದರ ಬದಲಿಗೆ ಒಂದು ಗಂಟು ಹಣ ಮೊದಲೇ ಪಡೆಯುವುದು. ಅವರಿಗೆ ಅದು 8,358ರ ಮೇಲೆ ಲೆಕ್ಕವಾಯಿತು. ಹೊಸದರ ಮೇಲೆ ಆಗಿದ್ದರೆ 13,316. 2024ರ ಆಗಸ್ಟ್ ಕೊನೆಗೆ ನಿವೃತ್ತಿಯಾದವರಿಗೆ, ಅದೇ ಹುದ್ದೆ, ಅದೇ ಸೇವೆ, ಎಲ್ಲವೂ ಹೊಸ ವೇತನದ ಮೇಲೆ. 'ನಾನು ಹುಟ್ಟಿದ ವರ್ಷ ಸರಿ ಇಲ್ಲ ಅಂತಾಯ್ತಲ್ಲ' ಅಂದರು ಅವರು. ಆದೇಶ ತೋರಿಸುವುದು ಬಿಟ್ಟು ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕಾಲ್ಪನಿಕ ವೇತನ ಪಿಂಚಣಿಗೆ ನಿಜ ಅಂತಾದರೆ, ಉಪದಾನಕ್ಕೆ ಯಾಕೆ ನಿಜವಾಗಬಾರದು?

ಪಿಂಚಣಿಯ ಈ ಖರ್ಚು ನಮ್ಮ ಕಚೇರಿಯ ಅಂದಾಜಿನಲ್ಲಿ ಎಲ್ಲೂ ಕಾಣುವುದಿಲ್ಲ. ಅದು 2071 ಎಂಬ ಪ್ರಧಾನ ಶೀರ್ಷಿಕೆಗೆ ಹೋಗುತ್ತದೆ, ಇಡೀ ರಾಜ್ಯಕ್ಕೆ ಒಟ್ಟಾಗಿ. ಹತ್ತು, ಹದಿನೈದು ವರ್ಷದ ಹಿಂದೆ ನಿವೃತ್ತಿಯಾದವರ ಪಿಂಚಣಿಯೂ ಪ್ರತಿ ವೇತನ ಆಯೋಗದ ಜೊತೆ ಏರುತ್ತದೆ. ಹಾಗಾಗಿ ನಮ್ಮ ಜಿಲ್ಲಾ ಕಚೇರಿಯ ಹುದ್ದೆಗೆ ಎಷ್ಟು ಖರ್ಚು ಅಂತ ಕೇಳಿದರೆ, ಸಂಬಳದ ಬಿಲ್ ಪೂರ್ತಿ ಉತ್ತರ ಕೊಡುವುದಿಲ್ಲ.

2006ರ ಏಪ್ರಿಲ್ 1ರಿಂದ ಸೇರಿದವರದ್ದು ಎನ್‌ಪಿಎಸ್, ಅಂದರೆ ತಿಂಗಳು ತಿಂಗಳು ವಂತಿಗೆ ಕಟ್ಟುವ ಹೊಸ ಪಿಂಚಣಿ ಯೋಜನೆ. ಅವರದ್ದು ಇದಕ್ಕೆ ಉಲ್ಟಾ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರ 10 ಪರ್ಸೆಂಟ್ ನೌಕರರದ್ದು, 14 ಪರ್ಸೆಂಟ್ ಸರ್ಕಾರದ್ದು. ನಮ್ಮ ಎಸ್‌ಡಿಎ ಹುಡುಗಿಯ ಆಗಸ್ಟ್ ಸಂಬಳದಲ್ಲಿ ಸರ್ಕಾರದ ಪಾಲು ಸುಮಾರು 5,180. ಆ ತಿಂಗಳು ಅವರ ಸಂಬಳ ಏರಿದ್ದಕ್ಕಿಂತ ಇದೇ ಜಾಸ್ತಿ. ಸರ್ಕಾರಕ್ಕೆ ಇದು ಪ್ರತಿ ತಿಂಗಳೂ, ಈಗಲೇ ಬೀಳುವ ಖರ್ಚು. ಹಳೆಯ ಪಿಂಚಣಿಯವರಿಗೆ ಕೆಲಸದಲ್ಲಿ ಇರುವಷ್ಟು ದಿನ ಈ ವಂತಿಗೆ ಇಲ್ಲ, ಪಿಂಚಣಿ ಬಿಲ್ ಶುರುವಾಗುವುದು ನಿವೃತ್ತಿಯ ಮಾರನೇ ತಿಂಗಳು. ಹಳೆಯ ಪಿಂಚಣಿ ವಾಪಸ್ ಬರಬೇಕು ಅಂತ ನಾವು ನೌಕರರು ಕೇಳುತ್ತಲೇ ಇದ್ದೇವೆ, ನಾನೂ ಕೇಳುತ್ತೇನೆ. ಹಾಗೆ ಬದಲಾದರೆ ಮೊದಲ ಕೆಲವು ವರ್ಷ ಸರ್ಕಾರದ ಖರ್ಚು ಇಳಿದಂತೆಯೇ ಕಾಣುತ್ತದೆ. 2006ರಲ್ಲಿ ಇಪ್ಪತ್ತೈದು ದಾಟದೆ ಸೇರಿದವರಿಗೆ 60 ತುಂಬುವುದು 2041ರಿಂದ ಆಚೆಗೆ. ಅವರಿಗಾಗಿ 2071 ಶೀರ್ಷಿಕೆಯ ಪಿಂಚಣಿ ಬಿಲ್ ಏರಲು ಶುರುವಾಗುವುದು ಆಗ. ಈ ಲೆಕ್ಕವನ್ನೂ ಮುಂದಿಟ್ಟುಕೊಂಡೇ ನಮ್ಮ ಬೇಡಿಕೆ ಕೇಳೋಣ, ಸರ್ಕಾರವೂ ಇದನ್ನೇ ಮುಂದಿಟ್ಟುಕೊಂಡು ಉತ್ತರ ಕೊಡಲಿ.